ಎಸ್‌ನ ಜಾಗ

ಇಲ್ಲದೇ ಇರೋ ಜನರ ವಂಶವೃಕ್ಷ ಬರೆದೂ ಬರೆದೂ ನನ್ನ ಬಲಗೈ ಭುಜ ಹೋಗಿದೆ ಸ್ವಾಮಿ. ದಿನಾ ಬೆಳಿಗ್ಗೆ ಕುಣಿಗಲ್‌ನಿಂದ ಬಸ್ಸಲ್ಲಿ ನಿಂತ್ಕೊಂಡು ತುಮಕೂರಿಗೆ ಬರ್ತೀನಿ. ಬೇಕರಿ ಮೇಲಿನ ಮಹಡಿಯಲ್ಲಿ ನಮ್ಮ ಕೋಚಿಂಗ್ ಸೆಂಟರ್. ಬೋರ್ಡ್ ಒರೆಸಿ ಸೀಮೆಸುಣ್ಣ ಹಿಡಿದರೆ ಪಿ ಯಾರು, ಕ್ಯೂ ಯಾರ ತಾಯಿ, ಆರ್‌ಗೂ ಎಸ್‌ಗೂ ಏನು ಸಂಬಂಧ, ಇದೇ ಗೋಳು. ಸ್ವಂತ ಚಿಕ್ಕಪ್ಪನ ಮಕ್ಕಳ ಹೆಸರು ಮರೆತುಹೋಗಿದೆ, ಈ ಪಿ ಮತ್ತು ಕ್ಯೂ ಮಾತ್ರ ನನ್ನ ಬಿಟ್ಟು ಹೋಗಲ್ಲ.

ನನ್ನ ಹೆಸರು ವೆಂಕಟೇಶಯ್ಯ. ಹುಡುಗರು ಬೆನ್ನ ಹಿಂದೆ ಸಿಡುಕ ಮೇಷ್ಟ್ರು ಅಂತಾರೆ. ಅನ್ನಲಿ ಬಿಡಿ, ಸಿಡುಕ್ತೀನಿ. ಅದೇ ತಪ್ಪನ್ನ ವರ್ಷಾನುಗಟ್ಟಲೆ ನೋಡಿದ್ರೆ ನೀವೂ ಸಿಡುಕ್ತೀರಿ. ಆದರೆ ನಾನು ಹೇಳೋಕೆ ಹೊರಟಿರೋದು ನನ್ನ ಕಥೆಯಲ್ಲ, ಗಂಗಾಂಬಿಕೆಯದು.

ಗುಬ್ಬಿ ಕಡೆ ಕಡಬದಿಂದ ಬರ್ತಿದ್ದ ಹೆಣ್ಣುಮಗಳು. ಮೊದಲನೇ ದಿನ ಬಾಗಿಲಲ್ಲಿ ನಿಂತಾಗ, ಯಾರನ್ನೋ ಸೇರಿಸೋಕೆ ಬಂದಿರೋ ತಾಯಿ ಅಂದ್ಕೊಂಡು ಆಫೀಸ್ ಕಡೆ ಕೈ ತೋರಿಸಿದೆ. ನಾನೇ ಸರ್ ಸ್ಟೂಡೆಂಟು ಅಂದಳು. ಹಣೆ ಮೇಲೆ ವಿಭೂತಿ, ಹೆಗಲಲ್ಲಿ ಮಗಳ ಹಳೇ ಸ್ಕೂಲ್ ಬ್ಯಾಗು. ಮದುವೆಯಾದ ಮೇಲೆ ಮನೆಯಲ್ಲೇ ಓದಿಕೊಂಡು ಡಿಗ್ರಿ ಮುಗಿಸಿದ್ದಳು. ಸಹಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್ ಹುದ್ದೆಗೆ ಪರೀಕ್ಷೆ ಕರೆದಿದ್ದರು. ವಯಸ್ಸಿನ ಮಿತಿ ದಾಟೋಕೆ ಬಂದಿದ್ದರಿಂದ ಅವಳಿಗೆ ಇದೇ ಕೊನೆ ಅವಕಾಶ. ಮೊದಲನೇ ಬೆಂಚಲ್ಲಿ ಕೂತಳು. ತನ್ನ ಮಗಳ ವಯಸ್ಸಿನ ಹುಡುಗೀರ ಪಕ್ಕದಲ್ಲಿ ಕೂತು, ಮಧ್ಯೆ ಮಧ್ಯೆ ತೂಕಡಿಸಿ, ಎಚ್ಚೆತ್ತು, ಮುಖ ಒರೆಸಿಕೊಂಡು ಮತ್ತೆ ಬರೀತಿದ್ದಳು. ಹಸು ಕರೆದು, ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಬಸ್ ಹತ್ತೋರಿಗೆ ನಿದ್ದೆ ಬರದೆ ಇನ್ನೇನು ಬರುತ್ತೆ?

ಪರ್ವಾಗಿಲ್ಲ, ಬುದ್ಧಿವಂತೆ. ಸಂಖ್ಯಾಸರಣಿ ಕೊಡಿ, ದಿಕ್ಕಿನ ಪ್ರಶ್ನೆ ಕೊಡಿ, ಗಡಿಯಾರ ಕೊಡಿ, ಮಾಡ್ತಿದ್ದಳು. ರಕ್ತಸಂಬಂಧ ಬಂತು ಅಂದ್ರೆ ಮಾತ್ರ ಕೈ ಎತ್ತಿಬಿಡೋಳು. ಅದೂ ಚಿಹ್ನೆ ಇಟ್ಟು ಕೇಳೋ ಪ್ರಶ್ನೆಗಳಲ್ಲಿ.

ಅದು ಹೀಗಿರುತ್ತೆ. ಪ್ಲಸ್ ಅಂದ್ರೆ ಮೊದಲನೆಯವರು ಎರಡನೆಯವರ ತಾಯಿ. ಮೈನಸ್ ಅಂದ್ರೆ ಸಹೋದರ. ಇಂಟು ಅಂದ್ರೆ ಹೆಂಡತಿ. ಈಗ ‘ಪಿ − ಕ್ಯೂ + ಆರ್ × ಎಸ್’ ಅಂತ ಕೊಟ್ಟು, ಎಸ್‌ಗೆ ಪಿ ಏನಾಗಬೇಕು ಅಂತ ಕೇಳ್ತಾರೆ. ಪಿ ಅನ್ನೋನು ಕ್ಯೂನ ಸಹೋದರ, ಇಬ್ಬರೂ ಮೇಲಿನ ಸಾಲಲ್ಲಿ. ಕ್ಯೂ ಆರ್‌ನ ತಾಯಿ, ಹಾಗಾಗಿ ಆರ್ ಕೆಳಗಿನ ಸಾಲಲ್ಲಿ. ಆರ್ ಎಸ್‌ನ ಹೆಂಡತಿ, ಹಾಗಾಗಿ ಎಸ್ ಆರ್‌ನ ಪಕ್ಕದಲ್ಲಿ, ಅದೇ ಕೆಳಗಿನ ಸಾಲಲ್ಲಿ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಬರೆದ ಮೇಲೆ ಕಣ್ಣಿಗೇ ಕಾಣುತ್ತೆ, ಪಿ ಎಸ್‌ನ ಹೆಂಡತಿಯ ಸೋದರಮಾವ. ಅಷ್ಟೇ ಸ್ವಾಮಿ, ಇದರಲ್ಲೇನಿದೆ ಬ್ರಹ್ಮವಿದ್ಯೆ?

ಗಂಗಾಂಬಿಕೆ ಪ್ರತಿ ಸಲ ಎಸ್‌ನ ಚೌಕವನ್ನ ಮೇಲಿನ ಸಾಲಲ್ಲಿ, ಪಿ ಪಕ್ಕದಲ್ಲಿ ಬರೆಯೋಳು. ಕೆಳಗಿರೋ ಆರ್‌ನಿಂದ ಅಲ್ಲಿಗೆ ಒಂದು ಓರೆ ಗೆರೆ ಎಳೆಯೋಳು. ಆಮೇಲೆ ಇಬ್ಬರೂ ಒಂದೇ ತಲೆಮಾರು ಅಂದ್ಕೊಂಡು ಭಾವಮೈದ ಅಂತ ಗುರುತು ಹಾಕೋಳು. ಗಂಡ ಹೆಂಡತಿ ಒಂದೇ ಸಾಲಮ್ಮಾ ಅಂತ ಹೇಳಿದೆ. ತಲೆ ಆಡಿಸಿದಳು. ಮಾರನೇ ದಿನ ಅದೇ ಓರೆ ಗೆರೆ. ಮಾಕ್ ಟೆಸ್ಟಲ್ಲಿ ಅದೇ ಓರೆ ಗೆರೆ. ಒಂದಿನ ನನಗೆ ರೇಗಿಹೋಯ್ತು. ಡಸ್ಟರನ್ನ ಮೇಜಿಗೆ ಕುಟ್ಟಿ, ನಿಮ್ಮನೆಯಲ್ಲಿ ಯಾರಾದ್ರೂ ಹೀಗೆ ಅಡ್ಡಾದಿಡ್ಡಿ ಮದುವೆ ಆಗಿದಾರೇನಮ್ಮ ಅಂದೆ. ಕ್ಲಾಸ್ ಗೊಳ್ಳಂತ ನಕ್ಕಿತು. ಅವಳು ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತಗೊಂಡು ಬೋರ್ಡ್ ಮೇಲೆ ಬರೆದಳು.

‘ಬಸವರಾಜ್ − ಅಮ್ಮ + ನಾನು × ಬಸವರಾಜ್.’

ಕ್ಲಾಸಿನ ನಗು ನಿಂತುಹೋಯ್ತು. ಅಮ್ಮನ ತಮ್ಮನೇ ಗಂಡ. ಸೋದರಮಾವನಿಗೆ ಕೊಟ್ಟು ಮಾಡಿದ್ದಾರೆ. ನಮ್ಮ ಕಡೆ ಇದೇನು ಹೊಸದಾ, ನಮ್ಮ ಬೀದಿಯಲ್ಲೇ ಎಷ್ಟು ಮನೆ ಬೇಕು ನಿಮಗೆ? ಆದರೆ ಚಿಹ್ನೆಯಲ್ಲಿ ಬರೆದು ನೋಡಿರಲಿಲ್ಲ ನಾನು. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತೋನಿಗೆ ಒಂದು ಸಲವೂ ಹೊಳೆದಿರಲಿಲ್ಲ.

ಕ್ಲಾಸ್ ಮುಗಿದ ಮೇಲೆ ಕೆಳಗಡೆ ಬೇಕರಿಯಲ್ಲಿ ಟೀ ಕುಡಿಸಿದೆ. ಅವಳು ಹೇಳಿಕೊಂಡಳು. ಅವಳೂ ತಮ್ಮ ಸಿದ್ದಾರ್ಥನೂ ಚಿಕ್ಕವರಿರುವಾಗಲೇ ಅಮ್ಮ ತೀರಿಕೊಂಡರಂತೆ. ಅಜ್ಜಿ ಚಿಕ್ಕಗಂಗಮ್ಮ ಇಬ್ಬರನ್ನೂ ಕಡಬಕ್ಕೆ ಕರೆತಂದು ಸಾಕಿದರಂತೆ. ಹುಡುಗಿ ದೊಡ್ಡವಳಾದಾಗ, ಹೊರಗಡೆ ಯಾಕೆ ಕೊಡೋದು ಅಂತ ತನ್ನ ಮಗನಿಗೇ ತಂದುಕೊಂಡರಂತೆ. ಬಸವರಾಜ್ ಒಳ್ಳೆ ಮನುಷ್ಯ, ಒಂದು ದಿನ ಗದರಿದೋರಲ್ಲ ಅಂದಳು. ಈಗಲೂ ಮಾವ ಅಂತಲೇ ಕರೀತೀನಿ ಅಂದಳು. ಟೀ ಲೋಟ ತಿರುಗಿಸ್ತಾ ಇನ್ನೊಂದು ಮಾತು ಹೇಳಿದಳು.

“ನನ್ನ ಎತ್ತಿ ಆಡಿಸಿದೋರು ಸರ್ ಅವರು. ನನ್ನ ಜೀವನಕ್ಕೆ ಹೊಸಬರು ಅಂತ ಯಾರೂ ಬರ್ಲೇ ಇಲ್ಲ.”

 ಬನ್ ತಿನ್ನಮ್ಮಾ ಅಂದೆ.

ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. ಮಗಳು ಅಕ್ಷತಾಗೆ ಹದಿನೆಂಟು ತುಂಬಿತ್ತು, ಸೆಕೆಂಡ್ ಪಿಯುಸಿ ಪಾಸಾಗಿ ಮನೆಯಲ್ಲಿದ್ದಳು. ಅಜ್ಜಿ ಈಗ ಅವಳನ್ನ ಸಿದ್ದಾರ್ಥನಿಗೆ ಕೊಡೋಣ ಅಂತ ಹಿಡಿದು ಕೂತಿದ್ದರು. ಗೊತ್ತಿರೋ ಹುಡುಗ, ಗೊತ್ತಿರೋ ಮನೆ, ನಿನಗೇನು ಕಮ್ಮಿ ಆಯ್ತು ಅಂತ ಗಂಗಾಂಬಿಕೆಯನ್ನೇ ಕೇಳ್ತಿದ್ದರಂತೆ. ಸಿದ್ದಾರ್ಥ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಮಗಳಿಗೆ ತುಮಕೂರಿನಲ್ಲಿ ಡಿಗ್ರಿ ಮಾಡೋ ಆಸೆ. ಇವಳು ಹಗ್ಗ ಜಗ್ಗಿ ಜಗ್ಗಿ ಕೊನೆಗೆ ಒಂದು ಒಪ್ಪಂದಕ್ಕೆ ತಂದಿದ್ದಳು. ಬ್ಯಾಂಕ್ ಕೆಲಸ ಸಿಕ್ಕಿದರೆ ಮಗಳು ಓದ್ತಾಳೆ, ಸಿಗದಿದ್ದರೆ ಅಜ್ಜಿ ಹೇಳಿದ ಹಾಗೆ. ದುಡಿದು ತರೋಳ ಮಾತು ಮನೆಯಲ್ಲಿ ನಡೆಯುತ್ತೆ ಅನ್ನೋದು ಅವಳ ಲೆಕ್ಕ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಅದಕ್ಕೇ ಅವಳ ಮೇಲೆಯೇ ಹಾಕಿದೆ. ಪರೀಕ್ಷೆ ಹಾಲ್ ಒಳಗೆ ಹೋಗುವಾಗ ನಿಮ್ಮ ಮನೆಯನ್ನ ಚಪ್ಪಲಿ ಜೊತೆ ಹೊರಗೆ ಬಿಡಬೇಕು ಅಂದೆ. ಬೇರೆ ಅಕ್ಷರ ಅಂದ್ರೆ ಬೇರೆ ಮನುಷ್ಯ. ಎಸ್‌ಗೆ ಅಪ್ಪ ಅಮ್ಮ ಯಾರು ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಹೇಳದಿದ್ದದ್ದನ್ನ ನೀನು ಹುಡುಕಬೇಡ, ಮನೆ ಒಳಗಿನೋರನ್ನ ತಂದು ಅಲ್ಲಿ ಕೂರಿಸಬೇಡ. ಆರ್ ಪಕ್ಕದಲ್ಲಿ ಒಂದು ಖಾಲಿ ಚೌಕ ಬರಿ, ಆಮೇಲೆ ಒಳಗೆ ಎಸ್ ಅಂತ ಬರಿ. ಮೊದಲು ಜಾಗ, ಆಮೇಲೆ ಹೆಸರು.

ಇದು ಕೆಲಸ ಮಾಡ್ತು. ಮೊದಲು ಜಾಗ ಅಂತ ಬಾಯಲ್ಲೇ ಗೊಣಗ್ತಾ ಚೌಕ ಬರೆಯೋಳು. ಗೆರೆ ನೆಟ್ಟಗಾಯ್ತು. ಕೊನೇ ಮಾಕ್ ಟೆಸ್ಟಲ್ಲಿ ರಕ್ತಸಂಬಂಧದ ಒಂದು ಪ್ರಶ್ನೆಯೂ ತಪ್ಪಲಿಲ್ಲ. ಪರೀಕ್ಷೆ ಮುಗಿಸಿ ಬಂದ ದಿನ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿ, ಚಿಹ್ನೆ ಪ್ರಶ್ನೆ ಬಂದಿತ್ತು ಸರ್, ಓರೆ ಗೆರೆ ಎಳೀಲಿಲ್ಲ ಅಂದಳು. ಆವತ್ತು ಕುಣಿಗಲ್ ಬಸ್ಸಲ್ಲಿ ನನಗೆ ಸೀಟು ಸಿಕ್ತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಖುಷಿಯಾಯ್ತು.

ಪಟ್ಟಿ ಬಂತು. ಅವಳ ಹೆಸರು ಇರಲಿಲ್ಲ.

ಅಂಕ ತೆಗೆಸಿ ನೋಡಿದೆ, ಇಂಗ್ಲಿಷ್ ಕೈಕೊಟ್ಟಿತ್ತು. ಯಾವುದೋ ನಾಮಪದ, ಯಾವುದೋ ಪ್ರಿಪೊಸಿಷನ್ನು, ದರಿದ್ರದ್ದು. ಫೋನ್ ಮಾಡಿದೆ, ಎತ್ತಲಿಲ್ಲ. ಪರೀಕ್ಷೆ ಆದಾಗಿನಿಂದ ಮೊದಲನೇ ಬೆಂಚಲ್ಲಿ ಅವಳ ಜಾಗ ಖಾಲಿಯೇ ಇತ್ತು. ನಾನು ಅದೇ ಪಿ ಕ್ಯೂ ಬರೀತಿದ್ದೆ. ಆರ್ ಪಕ್ಕದಲ್ಲಿ ಚೌಕ ಎಳೆಯುವಾಗ ಪ್ರತಿ ಸಲ ಆ ಬೆಂಚಿನ ಕಡೆ ಕಣ್ಣು ಹೋಗೋದು. ಆ ಕೂಸು ಅಕ್ಷತಾಗೆ ಲಗ್ನಪತ್ರಿಕೆ ಅಚ್ಚಾಗ್ತಿರಬಹುದು ಅಂದ್ಕೊಂಡಿದ್ದೆ. ನನಗೆ ಬೇಜಾರಾಗಿಹೋಗಿತ್ತು, ಈ ಕೆಲಸವೇ ಬೇಡ ಅನ್ನಿಸಿತ್ತು.

ಮುಂದಿನ ಸೋಮವಾರ ಕ್ಲಾಸ್ ಬಿಡೋ ಹೊತ್ತಿಗೆ ಮೆಟ್ಟಿಲ ಮೇಲೆ ಮೂರು ಜನ ನಿಂತಿದ್ದರು. ಗಂಗಾಂಬಿಕೆ, ಅವಳಷ್ಟೇ ಎತ್ತರದ ಒಬ್ಬ ಹುಡುಗಿ, ಜೊತೆಗೆ ತಲೆ ನರೆತ ಗಂಡಸು. ಗಂಡಸು ಕೈ ಮುಗಿದು, ನಾನು ಬಸವರಾಜ್ ಮೇಷ್ಟ್ರೇ, ಇವರ ಮನೆಯೋರು ಅಂದರು. ಹುಡುಗಿ ಅಕ್ಷತಾ. ಅವಳನ್ನ ಡಿಗ್ರಿಗೆ ಸೇರಿಸೋಕೆ ಬಂದಿದ್ದರು, ಯಾವ ಕಾಲೇಜು ಒಳ್ಳೇದು ಅಂತ ನನ್ನ ಕೇಳೋಣ ಅಂದ್ಕೊಂಡರಂತೆ.

ನಾನು ಗಂಗಾಂಬಿಕೆ ಮುಖ ನೋಡಿದೆ. ಕೆಲಸ ಸಿಗಲಿಲ್ಲವಲ್ಲಮ್ಮಾ ಅಂದೆ. ಅವಳು ಗಂಡನ ಕಡೆ ನೋಡಿದಳು. ಆ ಮನುಷ್ಯ ಬೆಂಚ್ ಮೇಲೆ ಕೂತು ನಿಧಾನಕ್ಕೆ ಹೇಳಿದರು.

ಪಟ್ಟಿ ಬಂದ ದಿನ ಅಜ್ಜಿ, ಸರಿ, ಇನ್ನು ಮಾತಾಯ್ತಲ್ಲ ಅಂದರಂತೆ. ಗಂಗಾಂಬಿಕೆ ಅಳಲಿಲ್ಲ, ಜಗಳ ಆಡಲಿಲ್ಲ. ಸೀಮೆಸುಣ್ಣ ತಗೊಂಡು ಪಡಸಾಲೆಯ ಸಿಮೆಂಟ್ ನೆಲದ ಮೇಲೆ ಕೂತು ಬರೆದಳಂತೆ. ಮೊದಲು ತನ್ನ ಅಮ್ಮ, ಪಕ್ಕದಲ್ಲಿ ಬಸವರಾಜ್. ಕೆಳಗೆ ತಾನು, ತನ್ನ ಪಕ್ಕದಲ್ಲಿ ಮತ್ತೆ ಬಸವರಾಜ್. ತನ್ನ ಇನ್ನೊಂದು ಪಕ್ಕಕ್ಕೆ ಸಿದ್ದಾರ್ಥ. ಅದರ ಕೆಳಗಿನ ಸಾಲಲ್ಲಿ ಅಕ್ಷತಾ. ಅಕ್ಷತಾಳ ಪಕ್ಕದಲ್ಲಿ ಒಂದು ಚೌಕ ಎಳೆದು ಸುಮ್ಮನೆ ಕೂತಳಂತೆ.

“ಅವ್ವ ಬಗ್ಗಿ ನೋಡಿ, ಇದ್ಯಾರೇ ಅಂತ ಕೇಳ್ತು ಮೇಷ್ಟ್ರೇ. ಗೊತ್ತಿಲ್ಲ ಅಜ್ಜಿ ಅಂದ್ಲು ಇವಳು. ಸಿದ್ದಾರ್ಥನ ಹೆಸರು ಬರಿಯೇ ಅಂತು. ಅವನು ಮೇಲಿನ ಸಾಲಲ್ಲಿ ಆಗ್ಲೇ ಇದ್ದಾನೆ, ಇದು ಬೇರೆಯೋರ ಜಾಗ ಅಂದ್ಲು.”

ಸಿದ್ದಾರ್ಥ ಎದ್ದು ಹೊರಗೆ ಹೋದನಂತೆ. ಹೋಗೋ ಮುಂಚೆ, ನನಗೂ ಬೇಡ ಅಜ್ಜಿ ಅಂತ ಒಂದೇ ಮಾತು ಅಂದನಂತೆ. ಅಜ್ಜಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆದರೆ ನೆಲ ಒರೆಸಲೂ ಇಲ್ಲ. ಚೌಕವನ್ನ ತುಳಿಯದೆ ಸುತ್ತಿಕೊಂಡು ಓಡಾಡ್ತಿದ್ದರಂತೆ.

ಹಾಗಿದ್ರೆ ಒಪ್ಪಂದ ಮುರಿದೋರು ಯಾರು ಅಂತ ಕೇಳಿದೆ. ನಾನೇ ಅಂದರು ಬಸವರಾಜ್. ಆಮೇಲೆ ತಮ್ಮ ಕೈ ನೋಡಿಕೊಂಡರು, ಹೆಂಡತಿ ಕಡೆ ನೋಡಲಿಲ್ಲ.

“ಆ ಬರಹದಲ್ಲಿ ನಾನು ಎರಡು ಕಡೆ ಇದ್ದೆ ಮೇಷ್ಟ್ರೇ. ಇವಳ ಪಕ್ಕದ ಜಾಗ ನಂದಲ್ಲ, ಯಾರೋ ಬರಬೇಕಾಗಿತ್ತು, ನನ್ನ ತಂದು ಕೂರಿಸಿದ್ರು ಅಂತ ಆವತ್ತೇ ಕಣ್ಣಿಗೆ ಕಂಡಿದ್ದು. ನನ್ನೂ ಯಾರೂ ಕೇಳಿರಲಿಲ್ಲ.”

ಗಂಗಾಂಬಿಕೆ ಬ್ಯಾಗಿಂದ ನೀರಿನ ಬಾಟಲಿ ತೆಗೆದು ಅವರ ಕೈಗೆ ಕೊಟ್ಟಳು, ಕುಡೀರಿ ಮಾವ ಅಂದಳು. ಅವರು ಕುಡಿದರು. ಇಬ್ಬರಿಗೂ ಬಹಳ ದಣಿವಾಗಿತ್ತು.

ನಾನು ಕಾಲೇಜಿನ ದಾರಿ ಹೇಳಿದೆ, ಯಾವ ಬಸ್ ಹತ್ತಬೇಕು ಅಂತಲೂ ಹೇಳಿದೆ. ಅಕ್ಷತಾ ಅಷ್ಟು ಹೊತ್ತೂ ಬೋರ್ಡ್ ನೋಡ್ತಿದ್ದಳು. ಆವತ್ತಿನ ಕ್ಲಾಸಿನ ಪಿ, ಕ್ಯೂ, ಆರ್ ಅಲ್ಲೇ ಇದ್ದರು, ಪಕ್ಕದಲ್ಲಿ ಎಸ್ ಇದ್ದ. ಈ ಎಸ್ ಯಾರ ಮಗ ಸರ್ ಅಂತ ಕೇಳಿದಳು. ನಾನು ಬಾಯಿ ತೆಗೆಯೋ ಮೊದಲೇ ಅವಳ ಅಮ್ಮ ಹೇಳಿದಳು.

“ಅದನ್ನ ಅವರು ಹೇಳಿಲ್ಲ ಕಣೇ. ನಾವೂ ಹೇಳೋದು ಬೇಡ.”