ಚಂದ್ರಕಲಾ ಮೇಡಂ ತಿದ್ದಿದ ಮಾದರಿ ಉತ್ತರ

ಪಾಂಡವಪುರದ ಪಿಯು ಕಾಲೇಜಿನಲ್ಲಿ ಚಂದ್ರಕಲಾ ಕಂಪ್ಯೂಟರ್ ವಿಜ್ಞಾನ ಕಲಿಸತೊಡಗಿ ಹದಿನಾಲ್ಕು ವರ್ಷವಾಯಿತು. ಲ್ಯಾಬಿನಲ್ಲಿ ನೆಟ್ಟಗೆ ಓಡುವುದು ಆರೇ ಯಂತ್ರ. ಹಾಗಾಗಿ ಆಕೆಯ ಪಾಠವೆಲ್ಲ ಕಾಗದದ ಮೇಲೆಯೇ. "ನೀನೇ ಕಂಪ್ಯೂಟರು ಅಂದ್ಕೊ. ಒಂದೊಂದೇ ಹೆಜ್ಜೆ ಇಡು, ಎಲ್ಲಿಗೆ ಹೋಗ್ತೀಯ ನೋಡ್ಕೊ" ಎನ್ನುವರು. ಉತ್ತರಪತ್ರಿಕೆಯ ಫ್ಲೋಚಾರ್ಟಿನಲ್ಲಿ, ಅಂದರೆ ಹೆಜ್ಜೆಗಳನ್ನು ತೋರಿಸುವ ಚಿತ್ರದಲ್ಲಿ, ಚೌಕದ ಬದಲು ಓರೆ ಪೆಟ್ಟಿಗೆ ಬರೆದವರಿಗೆ ಬೈಯುತ್ತಿದ್ದರು. ಆದರೆ ದಾರಿ ಸರಿಯಿದ್ದರೆ ಅಂಕ ಕಡಿಯುತ್ತಿರಲಿಲ್ಲ.

ಈ ಸಲ ನಾಲ್ಕು ತಾಲೂಕುಗಳ ಕಾಲೇಜುಗಳು ಸೇರಿ ಪೂರ್ವಸಿದ್ಧತಾ ಪರೀಕ್ಷೆ ನಡೆಸಿದವು. ಮಾದರಿ ಉತ್ತರ ಬರೆದವರು ಚಂದ್ರಕಲಾ ಅವರೇ. ಮೌಲ್ಯಮಾಪನ ನಾಗಮಂಗಲದಲ್ಲಿ. ಎರಡನೇ ದಿನ ಮಧ್ಯಾಹ್ನ ಕೆ.ಆರ್.ಪೇಟೆಯ ಉಪನ್ಯಾಸಕ ಶಿವಶಂಕರ್ ಒಂದು ಉತ್ತರಪತ್ರಿಕೆ ಹಿಡಿದು ಬಂದರು.

"ಮೇಡಂ, ಮೂರು ಸಂಖ್ಯೆಲಿ ದೊಡ್ಡದು ಹುಡುಕೋ ಪ್ರಶ್ನೆ. ನಿಮ್ ಉತ್ತರದಂಗೆ ಇಲ್ಲ ಇದು. ಐದಕ್ಕೆ ಒಂದು ಕೊಟ್ಟಿವ್ನಿ."

ಮಗು ಬರೆದದ್ದು ಹೀಗಿತ್ತು: ಮೊದಲು 'ದೊಡ್ದು' ಎಂಬ ಡಬ್ಬಿಗೆ ಅ ಹಾಕು. ಬ ಅದಕ್ಕಿಂತ ಹೆಚ್ಚಿದ್ದರೆ ಡಬ್ಬಿಗೆ ಬ ಹಾಕು. ಕ ಅದಕ್ಕಿಂತ ಹೆಚ್ಚಿದ್ದರೆ ಕ ಹಾಕು. ಕೊನೆಗೆ ಡಬ್ಬಿಯಲ್ಲಿರುವುದನ್ನು ಬರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪರೀಕ್ಷೆಯೂ ಮಾಡಿತ್ತು: ೭, ೭, ೩, ಉತ್ತರ ೭.

ಚಂದ್ರಕಲಾ ಅದೇ ಸಂಖ್ಯೆಗಳನ್ನು ತಮ್ಮ ಮಾದರಿ ಉತ್ತರಕ್ಕೆ ಹಾಕಿ ನೋಡಿದರು. ಅ, ಉಳಿದೆರಡಕ್ಕಿಂತ ದೊಡ್ಡದೇ? ಇಲ್ಲ. ಬ? ಇಲ್ಲ. ಕ? ಇಲ್ಲ. ಮೂರೂ ಪ್ರಶ್ನೆ ಮುಗಿದವು, ಉತ್ತರವೇ ಬರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಎದ್ದು ನೇರ ಮುಖ್ಯ ಮೌಲ್ಯಮಾಪಕ ರಂಗಸ್ವಾಮಿಯವರ ಮೇಜಿಗೆ ಹೋದರು. "ಸಾರ್, ತಪ್ಪು ನನ್ದು. ಎರಡು ಸಂಖ್ಯೆ ಒಂದೇ ಆದ್ರೆ ನನ್ ಉತ್ತರ ಬಾಯೇ ಬುಡಲ್ಲ. ಈ ಮಗೀದು ಸರಿಯಾಗೈತೆ."

"ಅರ್ಧ ಮುಗ್ಸಿವಿ ಕಣಮ್ಮ! ಈಗ ಎಲ್ಲಾನೂ ಮತ್ತೆ ನೋಡ್ಬೇಕಾ?"

"ನಾನೇ ನೋಡ್ತೀನಿ ಸಾರ್. ನನ್ ಉತ್ತರದಂಗೆ ಬರೆದವರ ಅಂಕ ಕಡೀಬೇಡಿ, ನಾವೇ ಅಂಗೆ ಕಲಿಸಿರದು. ಬೇರೆ ದಾರೀಲಿ ಸರಿಯಾಗಿ ಬಂದೋರ್ಗೆ ಕೊಡಾಣ."

ರಂಗಸ್ವಾಮಿ ಒಂದೊಂದು ಹೆಜ್ಜೆಗೂ ಬೆರಳಿಟ್ಟು ತಾವೇ ಒಂದು ಸಲ ಸಂಖ್ಯೆ ಹಾಕಿ ನೋಡಿದರು. ಬಳಿಕ ಎಲ್ಲರಿಗೂ ಕೇಳುವಂತೆ, "ಆ ಪ್ರಶ್ನೆಗೆ ಉತ್ತರ ಬದ್ಲಾಗೈತೆ, ಬರ್ಕೊಳ್ಳಿ" ಎಂದರು. ಶಿವಶಂಕರ್ ತಮ್ಮ ಉತ್ತರಪತ್ರಿಕೆಗಳ ಕಟ್ಟನ್ನೂ ಎತ್ತಿಕೊಂಡು ಚಂದ್ರಕಲಾ ಅವರ ಪಕ್ಕ ಬಂದು ಕುಳಿತರು.

ಇಬ್ಬರೂ ಸೇರಿ ನೂರ ನಲವತ್ತು ಪತ್ರಿಕೆ ಮತ್ತೆ ತಿರುವಿದರು. ಒಂಬತ್ತು ಮಕ್ಕಳ ಅಂಕ ಏರಿತು. ಡಬ್ಬಿಯ ಮಗು ಯಾರೆಂದು ಗೊತ್ತಾಗಲಿಲ್ಲ, ಪತ್ರಿಕೆಯ ಮೇಲಿದ್ದದ್ದು ಬರೀ ಸಂಖ್ಯೆ. ಮೌಲ್ಯಮಾಪನ ಮುಗಿಸಿ ಬಂದ ಮರುದಿನ ಪಾಂಡವಪುರದ ತರಗತಿಯಲ್ಲಿ ಚಂದ್ರಕಲಾ ತಮ್ಮ ತಪ್ಪು ಉತ್ತರದ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದು ಕೇಳಿದರು: "ನಾನು ಎಲ್ಲಿ ಎಡವಿದೆ, ಹುಡುಕ್ರೋ."