ಐದಡಿ ಒಂಬತ್ತಿಂಚು

ಮೈಕು ಮತ್ತು ಸ್ಪೀಕರಿನ ನಡುವಿನ ಅಂತರ ಐದಡಿ ಒಂಬತ್ತಿಂಚು ಎಂದು ನನ್ನ ಡೈರಿ ಹೇಳುತ್ತದೆ. ನೆನಪು ಆರಡಿ ಅನ್ನುತ್ತದೆ. ನಾನು ಡೈರಿಯ ಪರ. ಅದರಲ್ಲಿ ನನ್ನ ತಪ್ಪೂ ಬರೆದಿದೆ. ನೆನಪಿಗೇ ಬಿಟ್ಟಿದ್ದರೆ ಆ ತಪ್ಪನ್ನು ಅದು ಎಂದೋ ಬೇರೆಯವರ ತಲೆಗೆ ಕಟ್ಟಿರುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಜೆಯಲ್ಲಿ ರಾಯಚೂರಿನ ಒಂದು ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್, ಅಂದರೆ ಆರರ ಬದಲು ನಾಲ್ಕೇ ತಂತಿಯ ದಪ್ಪ ದನಿಯ ಗಿಟಾರ್, ನುಡಿಸುತ್ತಿದ್ದೆ. ಮದುವೆಗಳಲ್ಲಿ ನನ್ನ ವಾದ್ಯ ಯಾರಿಗೂ ಕೇಳುತ್ತಿರಲಿಲ್ಲ, ಕಾಣುತ್ತಿತ್ತು ಅಷ್ಟೆ. "ಉಳಿದ ಎರಡು ತಂತಿ ಮಾರ್ಕೊಂಡ್ರೇನ್ರಿ ಮಾಸ್ತರ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರೊಬ್ಬರಿಗೆ ತತ್ವಪದಗಳ ಕ್ಯಾಸೆಟ್ ಮಾಡಿಸುವ ಮನಸ್ಸಾಯಿತು. ಹಾಡುವವರು ಅವರ ಗಿರಣಿಯಲ್ಲೇ ಮೂಟೆ ಹೊರುತ್ತಿದ್ದ ಹಿರಿಯರು. ಧ್ವನಿ ಹಿಡಿಯುವವರು ರಾಯಚೂರಿನ ಸ್ಟೇಷನ್ ರಸ್ತೆಯ ರೇಡಿಯೋ ರಿಪೇರಿಯವರು. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಹಾರ್ಮೋನಿಯಂ, ತಬಲಾ ಸರಿ, ಜೊತೆಗೆ ಬಾಸ್ ಇರಲಿ ಎಂದವರೂ ಅವರೇ. ಸಾವ್ಕಾರರು ಅರೆಮನಸ್ಸಿನಿಂದ ಒಪ್ಪಿದರು.

ಗಿರಣಿಗೆ ರಜೆಯಿದ್ದ ದಿನ ಗೋದಾಮಿನಲ್ಲೇ ಧ್ವನಿಮುದ್ರಣ. ಸುತ್ತ ಭತ್ತದ ಮೂಟೆಗಳು ಇದ್ದುದರಿಂದ ಚಪ್ಪಾಳೆ ತಟ್ಟಿದರೂ ಮಾರ್ದನಿ ಇರಲಿಲ್ಲ. ಉಸ್ತಾದರ ಯಂತ್ರ ಒಂದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು ಬೇರೆ ಬೇರೆ ಹಿಡಿಯುತ್ತಿತ್ತು. ಒಂದು ಹಾಡಿಗೆ, ಒಂದು ಹಾರ್ಮೋನಿಯಂ-ತಬಲಾಕ್ಕೆ, ಎರಡು ನನ್ನ ಬಾಸ್‌ಗೆ. ಗಿಟಾರಿನ ವೈರನ್ನು ಒಂದು ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿದರೆ ಅಲ್ಲಿಂದ ಎರಡು ದಾರಿ: ಒಂದು ನೇರ ಯಂತ್ರಕ್ಕೆ, ಇನ್ನೊಂದು ಮೂಟೆಗಳ ಗೋಡೆಯಾಚೆ ಇಟ್ಟ ಆಂಪ್ಲಿಫೈಯರಿಗೆ. ಅದರ ಸ್ಪೀಕರಿನ ಎದುರು ಒಂದು ಮೈಕು. ನೇರ ಬಂದದ್ದರಲ್ಲಿ ಬೆರಳಿನ ಸ್ಪಷ್ಟತೆ, ಮೈಕಿನಿಂದ ಬಂದದ್ದರಲ್ಲಿ ಮೈತುಂಬಿದ ಗುಂಗು. ಎರಡನ್ನೂ ಆಮೇಲೆ ಹದವಾಗಿ ಬೆರೆಸುವುದೆಂದು ಮಾತಾಗಿತ್ತು.

ಉಸ್ತಾದರು ಮೈಕನ್ನು ಸ್ಪೀಕರಿನ ಬಟ್ಟೆಗೆ ತಾಗುವಂತೆ ಇಟ್ಟಿದ್ದರು. ಹಿಂದಕ್ಕೆ ಎಳೆದವನು ನಾನು.

"ಯಾಕ್ರೀ ಮಾಸ್ತರ?"

"ದಪ್ಪ ಸಪ್ಪಳ ನಾಕ್ ಹೆಜ್ಜಿ ನಡದ್ರ ಹಣ್ಣಾಗ್ತದ ಉಸ್ತಾದ್."

"ಸಪ್ಪಳೇನು ಮಾವಿನಕಾಯಿ ಏನ್ರೀ?" ಎಂದು ನಕ್ಕರು. ನಕ್ಕರೂ ನನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲಿಯೇ ಬಿಟ್ಟರು.

ಹಿರಿಯರು ಹಾಡಿದರು. ಪ್ರತಿ ಹಾಡಿಗೂ ಮೊದಲು ನಾನು ತಂತಿಗಳನ್ನು ಅಂಗೈಯಲ್ಲಿ ಅದುಮಿ, ಉಗುರಿನಿಂದ ಟಕ್ ಟಕ್ ಟಕ್ ಟಕ್ ಎಂದು ನಾಲ್ಕೇಟು ಕೊಟ್ಟು ಲಯ ಸೂಚಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಂಟು ಹಾಡು ಮುಗಿದವು. ಹಿರಿಯರ ಗಂಟಲು ಒಡೆಯಿತು. "ಇನ್ನ ನನ್ನ ಕೈಲಾಗಂಗಿಲ್ಲ ಯಪ್ಪಾ, ಇಷ್ಟೇ ಇದ್ದದ್ದು" ಎಂದರು. ಮತ್ತೆ ಹಾಡಿಸುವ ಮಾತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಉಸ್ತಾದರ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಬೆರೆಸಲು ಕುಳಿತೆವು. ಸಾವ್ಕಾರರೂ ಬಂದಿದ್ದರು. ನೇರದ್ದೊಂದನ್ನೇ ಹಾಕಿದರೆ ಬಾಸ್ ಹಲಗೆ ಬಡಿದಂತೆ ಒಣಗಿತ್ತು. ಮೈಕಿನದೊಂದನ್ನೇ ಹಾಕಿದರೆ ತುಂಬಿಕೊಂಡಿತ್ತು, ಆದರೆ ಹಾಡಿನ ಮಾತಿನ ಮೇಲೆ ಕಂಬಳಿ ಹೊದಿಸಿದಂತೆ. ಎರಡನ್ನೂ ಸಮವಾಗಿ ಸೇರಿಸಿದಾಗ ನನ್ನ ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ತೆಳುವಾದದ್ದು ಸತ್ತುಹೋಯಿತು. ಬೇರೆ ಸ್ವರಗಳಿದ್ದವು, ಬೆರಳು ಒತ್ತದೆ ಮೀಟಿದ ಆ ತಂತಿಯ ಸ್ವರ ಬಂದಾಗಲೆಲ್ಲ ಬಾಸ್ ಎದ್ದು ಹೊರಗೆ ಹೋಗಿ ಬಂದಂತಿತ್ತು. ಎಂಟು ಹಾಡುಗಳಲ್ಲಿ ಐದಕ್ಕೆ ಅದೇ ಆಧಾರ ಸ್ವರ.

"ಹಲ್ಲು ಬಿದ್ದವ್ರು ನಕ್ಕಂಗಾಗ್ಯದ," ಎಂದರು ಸಾವ್ಕಾರರು. "ತೆಗೀರಿ ಅದನ್ನ. ಹಾರ್ಮೋನಿಯಂ ಸಾಕು. ಸಂಜಿ ಗಾಡಿಗೆ ಹೈದರಾಬಾದಿಗೆ ಹೋಗ್ಬೇಕು ಕ್ಯಾಸೆಟ್ಟು, ಕಾಪಿ ಮಾಡ್ಸಾಕ."

ನಾನು ತಂತಿ ಹಳತಾಗಿರಬೇಕೆಂದೆ. ಉಸ್ತಾದರು ತಲೆಯಾಡಿಸಿದರು. "ತಂತಿ ತಪ್ಪಾದ್ರ ಒಂದೊಂದೇ ಕೇಳಿದಾಗ್ಲೂ ಸಾಯ್ಬೇಕಿತ್ತಲ್ರೀ. ಕೂಡಿಸಿದಾಗಷ್ಟೇ ಸಾಯ್ತದ. ಇವೆರಡು ಜಗಳಾಡಾಕತ್ತಾವ."

ಗಾಯಕರಿಗೆ ಪ್ರತಿಧ್ವನಿ ಕೊಡುವ ಒಂದು ಡಿಜಿಟಲ್ ಎಕೋ ಪೆಟ್ಟಿಗೆ ಅವರಲ್ಲಿತ್ತು. ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವ ಗುಂಡಿಯೂ ಅದರಲ್ಲಿತ್ತು. ನೇರದ ಟ್ರ್ಯಾಕನ್ನು ಅದರ ಮೂಲಕ ಹಾಯಿಸಿ ಆ ಗುಂಡಿ ಒತ್ತಿದರು. ಸತ್ತ ಸ್ವರ ಎದ್ದು ಕೂತಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅದೇ ಸ್ವರದ ಮೇಲಿನ ಸ್ಥಾಯಿ ತೆಳುವಾಯಿತು, ಕೆಳಗಿನ ದಪ್ಪ ತಂತಿಯೂ ಸೊರಗಿತು. ತೂತು ಮುಚ್ಚಿರಲಿಲ್ಲ, ಜಾಗ ಬದಲಿಸಿತ್ತು.

ಉಸ್ತಾದರು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. ನೇರದ್ದು ಎಡಗಿವಿಗೆ, ಮೈಕಿನದು ಬಲಗಿವಿಗೆ. "ಹಾಡು ಬಿಡ್ರಿ, ಆ ಟಕ್ ಟಕ್ ಎಲ್ಲಿ ಕೇಳಾಕತ್ತದ ಹೇಳ್ರಿ."

ಎರಡೂ ಕಿವಿಗೆ ಸಮಾನ ಜೋರಿದ್ದರೂ ಏಟು ಎಡಗಡೆಯೇ ಬೀಳುತ್ತಿತ್ತು. ಎಡದ್ದು ಮೊದಲು ಬರುತ್ತಿತ್ತು.

ಆಗ ನಾಚಿಕೆಯಾಯಿತು. ವೈರಿನಲ್ಲಿ ಬಂದದ್ದು ಆ ಕ್ಷಣಕ್ಕೇ ಬಂದಿತ್ತು. ಗಾಳಿಯಲ್ಲಿ ಬಂದದ್ದು ನಾನು ಎಳೆದಿಟ್ಟ ಅಂತರವನ್ನೆಲ್ಲ ನಡೆದು ಬಂದಿತ್ತು. ಆ ಒಂದು ಸ್ವರದಲ್ಲಿ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿತ್ತು, ಎರಡೂ ಕೂಡಿ ಸೊನ್ನೆ. ಶಬ್ದದ ವೇಗವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಅಳಿಸುತ್ತಿದ್ದವನು ನಾನು!

ಅಂತರವನ್ನು ಹಿಂದಿನ ದಿನವೇ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಶಬ್ದ ಒಂದಡಿಗಿಂತ ತುಸು ಹೆಚ್ಚು ನಡೆಯುತ್ತದೆ. ಲೆಕ್ಕ ಹಾಕಿದರೆ ಅಂಥ ಭಾಗಗಳು ಹೆಚ್ಚುಕಡಿಮೆ ಐದು ಬಂದವು. "ಹಿಂದ ಬಿದ್ದವನ್ನ ಮುಂದ ಎಳಿಯಾಕ ಆಗಂಗಿಲ್ಲ ಉಸ್ತಾದ್. ಮುಂದ ಬಂದವನ್ನ ನಿಲ್ಲಸ್ಬೇಕು" ಎಂದೆ. ಇದನ್ನು ಹೇಳಿದವನು ನಾನೇ ಎಂದು ನೆನಪು ಆಣೆ ಮಾಡುತ್ತದೆ. ಡೈರಿಯಲ್ಲಿ "ನೇರದ್ದನ್ನು ತಡಮಾಡಿದೆವು" ಎಂದಷ್ಟೇ ಇದೆ. ಉಸ್ತಾದರ ಕೈ ಆಗಲೇ ಎಕೋ ಪೆಟ್ಟಿಗೆಯ ಮೇಲಿತ್ತು ಎಂಬುದೂ ನಿಜ.

ಪ್ರತಿಧ್ವನಿ ಮರುಕಳಿಸದಂತೆ ಮಾಡಿ, ತಡವಾದ ಧ್ವನಿ ಮಾತ್ರ ಹೊರಬರುವಂತೆ ಇಟ್ಟರು. ಅಲೆಯನ್ನು ಮತ್ತೆ ನೆಟ್ಟಗೆ ಮಾಡಿ, ಎಷ್ಟು ತಡವಾಗಬೇಕೆಂದು ಗೊತ್ತುಮಾಡುವ ತಿರುಗಣೆಯನ್ನು ಐದರ ಕಡೆ ಸರಿಸಿದರು. ನನ್ನ ಕಿವಿಯಲ್ಲಿ ಟಕ್ ಟಕ್ ಎಡದಿಂದ ಜರುಗುತ್ತಾ ಜರುಗುತ್ತಾ ತಲೆಯ ನಡುಮಧ್ಯಕ್ಕೆ ಬಂದು ನಿಂತಿತು.

"ಬರೋಬರ್ ಬಂತು!" ಎಂದು ಕೂಗಿಬಿಟ್ಟೆ.

"ತಡೀರಿ, ಸಾಕ್ಷಿ ಕೇಳೋಣು," ಎಂದರು ಉಸ್ತಾದರು. ಎರಡನ್ನೂ ಒಂದಾಗಿ ಸೇರಿಸಿ, ಬೇಕೆಂದೇ ತಲೆಕೆಳಗಿನ ಗುಂಡಿ ಒತ್ತಿದರು. ಬಾಸ್ ಪೂರ್ತಿ ಸೊರಗಿತು. ತಿರುಗಣೆಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಎಲ್ಲಿ ಅತಿ ಹೆಚ್ಚು ಸೊರಗುತ್ತದೋ ಅಲ್ಲಿ ನಿಲ್ಲಿಸಿದರು.

"ಅಯ್ಯ, ಇದ್ದದ್ದೂ ಹೋತಲ್ರೀ!" ಎಂದರು ಸಾವ್ಕಾರರು.

"ತಲೆಕೆಳಗ ಮಾಡಿದಾಗ ಅಷ್ಟು ಚೊಲೋ ಹೋಗ್ತದಂದ್ರ, ನೆಟ್ಟಗಿದ್ದಾಗ ಅಷ್ಟು ಚೊಲೋ ಕೂಡ್ಯಾವ ಅಂತ ಅರ್ಥ ಸಾವ್ಕಾರ. ಈಗ ಕೇಳ್ರಿ," ಎಂದು ಗುಂಡಿಯನ್ನು ಬಿಟ್ಟರು.

ಬಾಸ್ ಬಂತು. ನಾಲ್ಕೂ ತಂತಿ ಬಂದವು. ಬೆರಳಿನ ಸ್ಪಷ್ಟತೆಯೂ ಇತ್ತು, ಗುಂಗೂ ಇತ್ತು, ಆದರೆ ಎರಡು ವಾದ್ಯ ಅನ್ನಿಸಲಿಲ್ಲ. ಹಿರಿಯರ ಒಡೆದ ದನಿಯ ಕೆಳಗೆ ಯಾರೋ ಹೆಗಲು ಕೊಟ್ಟಂತಿತ್ತು. ಹಾಡಿನ ಒಂದಕ್ಷರವೂ ಮುಚ್ಚಿಹೋಗಲಿಲ್ಲ.

ಉಸ್ತಾದರು ಪರೀಕ್ಷೆಗೆಂದು ಬಾಸ್ ಅನ್ನು ಮೆಲ್ಲಗೆ ಇಳಿಸಿದರು. ಕಣ್ಣು ಮುಚ್ಚಿ ಕುಳಿತಿದ್ದ ಸಾವ್ಕಾರರು ತಟ್ಟನೆ ಕಣ್ಣು ತೆರೆದರು.

"ಲೇ, ಯಾಕ ತೆಗದಿ? ಮುದುಕ ಒಬ್ಬನೇ ಆಗಿಬಿಟ್ಟ. ಹಾಕು ಅದನ್ನ, ಇನ್ನೊಂದೀಟು ಜಾಸ್ತೀನೇ ಹಾಕು!"

ಉಸ್ತಾದರು ನನ್ನತ್ತ ನೋಡಲೇ ಇಲ್ಲ, ಏರಿಸಿದರು. ಎಂಟೂ ಹಾಡುಗಳಿಗೆ ಅದೇ ಅಳತೆ ಸಾಕಾಯಿತು, ಮೈಕು ಕದಲಿರಲಿಲ್ಲವಲ್ಲ. ಸಂಜೆಯ ಗಾಡಿಗೆ ಕ್ಯಾಸೆಟ್ಟು ಹೊರಟಾಗ ಅದರ ಪ್ರತಿ ಹಾಡಿನಲ್ಲೂ ನಾನಿದ್ದೆ.