‘ಇಂಟರ್ ಅಲಿಯಾ’ ಬಿಟ್ಟು ಓದಿದ ಕರಾರು

ಹಾಸನದಲ್ಲಿ ನಮ್ಮ ಸೀನಿಯರ್ ವಕೀಲರ ಕಚೇರಿಗೆ ಹೊಳೆನರಸೀಪುರದಿಂದ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆಗ ನಾನು ಎರಡನೇ ವರ್ಷದ ಜೂನಿಯರ್. ಇಂಗ್ಲಿಷಿನ ಕರಾರುಗಳನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಅದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು.

ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದರು. ಜಮೀನಿನ ವ್ಯವಹಾರವನ್ನೆಲ್ಲ ತಾವೇ ನೋಡಿಕೊಳ್ಳುವ ಗಟ್ಟಿ ಮನುಷ್ಯೆ. ಮನೆಯ ಪಕ್ಕದ ದೊಡ್ಡ ತಗಡಿನ ಶೆಡ್ಡನ್ನು ಹೊರಗಿನ ಕಂಪನಿಯೊಂದು ಮೂರು ವರ್ಷಕ್ಕೆ ಬಾಡಿಗೆಗೆ ಕೇಳಿತ್ತು. ಕರಾರು ಕಂಪನಿಯ ವಕೀಲರೇ ಬರೆದದ್ದು. ಶೆಡ್ಡನ್ನು ‘ಇಂಟರ್ ಅಲಿಯಾ’ ಮುಸುಕಿನ ಜೋಳ, ಶುಂಠಿ, ಮೇವು ಇಡಲು ಬಳಸಬಹುದು ಎಂದು ಅದರಲ್ಲಿತ್ತು. ನಾನು ಜೋಳ, ಶುಂಠಿ, ಮೇವು ಎಂದು ಓದಿದೆ. ಆ ಎರಡು ಲ್ಯಾಟಿನ್ ಪದಗಳನ್ನು ವಕೀಲರ ಬರವಣಿಗೆಯ ಅಲಂಕಾರವೆಂದು ದಾಟಿಬಿಟ್ಟೆ. ಅವರು ತಲೆಯಾಡಿಸಿದರು. ಮರುವಾರ ಅರಕಲಗೂಡಿನಲ್ಲಿ ಕರಾರು ನೋಂದಣಿಯಾಯಿತು.

ನಾಲ್ಕು ತಿಂಗಳಾದ ಮೇಲೆ ಅವರ ಫೋನು ಬಂತು. ಶೆಡ್ಡಿಗೆ ಜೋಳವೂ ಬಂದಿಲ್ಲ, ಮೇವೂ ಬಂದಿಲ್ಲ, ಬರೀ ನೀಲಿ ಡ್ರಮ್ಮುಗಳು ಎಂದರು. ಮೇಲೆ ಚೀಟಿ ಇಲ್ಲ. ಮಧ್ಯಾಹ್ನ ತಗಡು ಕಾದರೆ ಕಣ್ಣುರಿಯುವ ವಾಸನೆ. ಶೆಡ್ಡಿನ ಹಿಂದಿನ ಬಾವಿಯಿಂದ ಆರು ಮನೆಯವರು ನೀರು ಸೇದುತ್ತಾರೆ. ಡ್ರಮ್ಮಿನಲ್ಲೇನಿದೆ ಎಂದು ಅವರೆಲ್ಲ ಇವರನ್ನು ಕೇಳುತ್ತಿದ್ದಾರೆ.

“ನೀವೇ ಓದಿ ಏಳಿದ್ರಲ್ಲ ಮೇಡಂ, ಜ್ವಾಳ, ಸುಂಠಿ, ಮೇವು ಅಂತ. ಇನ್ನೇನೂ ಇಡಂಗಿಲ್ಲ ತಾನೆ?” ಎಂದರು.

ಕಡತ ತೆಗೆದೆ. ಆ ಪದ ಅಲ್ಲೇ ಇತ್ತು. ‘ಇತರ ಸಂಗತಿಗಳ ಜೊತೆಗೆ’ ಎಂದು ಅದರ ಅರ್ಥ. ಪಟ್ಟಿಯ ಮುಂದೆ ಅದು ಕೂತರೆ ಪಟ್ಟಿ ಮುಗಿದಿಲ್ಲ, ಹೇಳದೇ ಬಿಟ್ಟದ್ದೂ ಇದೆ ಎಂದಾಗುತ್ತದೆ. ಬಾಗಿಲು ಹಾಕಿದೆ ಎಂದು ನಾನು ಹೇಳಿದ್ದ ಮನೆಯ ಬಾಗಿಲು ಮೊದಲ ದಿನದಿಂದಲೂ ತೆರೆದೇ ಇತ್ತು. ಸೀನಿಯರ್ ಕಡತ ನೋಡಿದರು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಪಟ್ಟಿ ತೆರೆದಿದ್ದರೂ ಅದರಲ್ಲಿರುವುದೆಲ್ಲ ಹೊಲದ ಮಾಲು, ಬಿಟ್ಟದ್ದೂ ಅದೇ ಜಾತಿಯದ್ದಾಗಿರಬೇಕು ಎಂದು ನಾವು ವಾದಿಸಬಹುದು, ಆದರೆ ವಾದಿಸಿ ಗೆಲ್ಲಬೇಕು, ಆ ಪದ ಇಲ್ಲದಿದ್ದರೆ ವಾದವೇ ಬೇಕಿರಲಿಲ್ಲ ಎಂದರು. ಡ್ರಮ್ಮು ತೆಗೆಯಿರಿ ಎಂದು ಕಂಪನಿಗೆ ನೋಟಿಸು ಕಳಿಸಿದೆವು. ಉತ್ತರ ಬರಲಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ಸಂಜೆ ಬಿರುಗಾಳಿ ಎದ್ದು ಶೆಡ್ಡಿನ ಐದಾರು ತಗಡು ಹಾರಿಹೋದವು. ಅಡ್ಡ ಕಂಬಿ ಬಿದ್ದು ಡ್ರಮ್ಮುಗಳು ಉರುಳಿದವು. ಮಾರನೆಯ ದಿನ ನಾನು ಬಸ್ಸು ಹಿಡಿದು ಹೋದೆ. ಡ್ರಮ್ಮುಗಳಿಂದ ಸೋರಿದ ಕಂದು ಬಣ್ಣದ ನೀರು ಚರಂಡಿಯಲ್ಲಿ ಬಾವಿಯ ಕಡೆಗೆ ಇಳಿದಿತ್ತು. ಅದು ಹರಿದ ದಾರಿಯುದ್ದಕ್ಕೂ ಹುಲ್ಲು ಬಿಸಿನೀರು ಹೊಯ್ದಂತೆ ಮುದುಡಿತ್ತು. ಬಾವಿಯ ಬಾಯಿಗೆ ಯಾರೋ ಮುಳ್ಳಿನ ಕೊಂಬೆ ಹಾಕಿದ್ದರು. ಹಗ್ಗ, ಬಿಂದಿಗೆ ಕಟ್ಟೆಯ ಮೇಲೇ ಇದ್ದವು. ಅಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ನಾನು ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಆರು ಮನೆಯ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಕರಾರು ಓದಿದವಳು ನಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಗಾಳಿ ಬೀಸಿದ ಹನ್ನೊಂದನೆಯ ದಿನ ಕಂಪನಿಯ ಪತ್ರ ಬಂತು. ಬಿರುಗಾಳಿ ‘ಫೋರ್ಸ್ ಮೆಜೂರ್’, ಮನುಷ್ಯರ ಕೈಮೀರಿದ್ದು, ಆದ್ದರಿಂದ ಡ್ರಮ್ಮು ತೆಗೆಯುವ ಹೊಣೆಯೂ ಬಾವಿಯ ಹೊಣೆಯೂ ತಮ್ಮದಲ್ಲ ಎಂದಿತ್ತು. ಡ್ರಮ್ಮಿನಲ್ಲಿ ಬೇಸಾಯದ ಔಷಧಿ ಇದೆಯೆಂದು ‘ಬೋನಾ ಫೈಡ್’ ಆಗಿ ನಂಬಿದ್ದೆವು ಎಂದೂ ಇತ್ತು.

ಈ ಸಲ ನಾನು ಒಂದು ಅಕ್ಷರವನ್ನೂ ದಾಟಲಿಲ್ಲ. ಶೆಡ್ಡಿನ ಒಡತಿಯನ್ನು ಕಚೇರಿಯಲ್ಲಿ ಕೂರಿಸಿಕೊಂಡು ಕರಾರಿನ ಫೋರ್ಸ್ ಮೆಜೂರ್ ಕಲಮನ್ನು ಎರಡೆರಡು ಸಲ ಓದಿದೆ. ಗಾಳಿ ಬೀಸಿದ ಮಾತ್ರಕ್ಕೆ ಫೋರ್ಸ್ ಮೆಜೂರ್ ಆಗುವುದಿಲ್ಲ. ನಮ್ಮ ಕರಾರಿನ ಪ್ರಕಾರ, ತಕ್ಕ ಎಚ್ಚರ ವಹಿಸಿದ್ದರೂ ತಡೆಯಲಾಗದ ಘಟನೆ ಅದಾಗಿರಬೇಕು. ಏಳು ದಿನದೊಳಗೆ ಬರೆದು ತಿಳಿಸಬೇಕು. ಆಗಲೂ ಆ ಘಟನೆ ಯಾವ ಕೆಲಸಕ್ಕೆ ಅಡ್ಡ ಬಂತೋ ಅದಕ್ಕೆ ಮಾತ್ರ, ಅಡ್ಡ ಇರುವಷ್ಟು ದಿನ ಮಾತ್ರ ವಿನಾಯಿತಿ. ಗಾಳಿ ಬೀಸಿದ್ದು ಒಂದು ಗಂಟೆ.

“ಅಂಗಾದ್ರೆ ತಗಡಿನ ಫೋಟೋ ಬೇಕಾಯ್ತದಾ?” ಎಂದು ಅವರು ಫೋನು ತೆಗೆದರು. ಗಾಳಿಗೆ ಒಂದು ತಿಂಗಳು ಮೊದಲೇ ತಗಡು ಸಡಿಲವಾದದ್ದನ್ನು ಫೋಟೋ ಹಿಡಿದು ಕಂಪನಿಯ ಮ್ಯಾನೇಜರಿಗೆ ಕಳಿಸಿದ್ದರು. ಚಾವಣಿಯ ರಿಪೇರಿ ಕರಾರಿನಂತೆ ಕಂಪನಿಯದ್ದೇ. ‘ನೋಡ್ತೀವಿ’ ಎಂದು ಅವನ ಉತ್ತರವೂ ಇತ್ತು.

ಬೋನಾ ಫೈಡ್ ಎಂದರೇನೆಂದು ಕೇಳಿದರು. ಸದ್ಭಾವನೆ, ಮನಸ್ಸಿನಲ್ಲಿ ಕಳ್ಳತನ ಇಲ್ಲದೆ ಮಾಡಿದ್ದು ಎಂದೆ. ನಂಬಿದ್ದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ನಿಜ ಗೊತ್ತಿದ್ದವನಿಗೆ, ಗೊತ್ತಾಗದಿರಲಿ ಎಂದು ಬೇಕಂತಲೇ ಕಣ್ಣು ಮುಚ್ಚಿಕೊಂಡವನಿಗೆ ಆ ಪದ ಆಸರೆಯಾಗುವುದಿಲ್ಲ.

ಇದು ಇಷ್ಟು ಮುಖ್ಯ ಅಂತ ಗೊತ್ತಿರಲಿಲ್ಲ, ಕೇಳಿ ಎಂದು ಅವರು ಫೋನನ್ನು ಮೇಜಿನ ಮೇಲಿಟ್ಟರು. ಡ್ರಮ್ಮು ಬಂದ ವಾರ ಮ್ಯಾನೇಜರು ಕಳಿಸಿದ ಧ್ವನಿ ಸಂದೇಶ. ಅವನ ದನಿ ಬಹಳ ಮೃದುವಾಗಿತ್ತು.

“ಅಮ್ಮಾ, ಆ ಡ್ರಮ್ಮುಗಳನ್ನ ಯಾರೂ ಬರಿಗೈಲಿ ಮುಟ್ಟೋದು ಬೇಡ. ಹತ್ತಿರ ಬೆಂಕಿಕಡ್ಡಿ ಗೀರೋದೂ ಬೇಡ. ಯಾರಾದ್ರೂ ಕೇಳಿದ್ರೆ ಶುಂಠಿಗೆ ಹೊಡೆಯೋ ಔಷಧಿ ಅಂದ್ಬಿಡಿ.”

ಕಂಪನಿಯವರು ಎಲ್ಲ ತಿಳಿದೇ ಇಟ್ಟಿದ್ದರು. ಯಾವ ಬಾವಿಯ ಪಕ್ಕ ಇಡುತ್ತಿದ್ದೇವೆ ಎಂಬುದೂ ತಿಳಿದಿತ್ತು.

ನಾವು ಅರಕಲಗೂಡಿನ ಕೋರ್ಟಿನಲ್ಲಿ ದಾವೆ ಹೂಡಿದೆವು, ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಟ್ಟೆವು. ಮಂಡಳಿಯವರು ಬಂದು ಬಾವಿಯ ನೀರಿನ ಮಾದರಿ ಒಯ್ದರು. ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂದ ಮೇಲೆ, ಧ್ವನಿ ಸಂದೇಶದ ಪ್ರತಿ ಕೈಸೇರಿದ ಕಂಪನಿ ರಾಜಿಗೆ ಬಂತು. ಬಾವಿ ಶುದ್ಧವಾಗುವ ತನಕ ಆರು ಮನೆಗೂ ಟ್ಯಾಂಕರ್ ನೀರು ಕೊಡಬೇಕು, ಡ್ರಮ್ಮುಗಳನ್ನು ಪರವಾನಗಿ ಇರುವ ವಿಲೇವಾರಿ ಘಟಕಕ್ಕೆ ಸಾಗಿಸಿ ರಶೀದಿ ಹಾಜರುಪಡಿಸಬೇಕು ಎಂದು ಒಪ್ಪಂದ.

ರಾಜಿ ಪತ್ರದ ಕರಡನ್ನು ಕಂಪನಿಯ ವಕೀಲರೇ ತಂದರು. ಓದುತ್ತ ಒಂದು ಸಾಲಿನಲ್ಲಿ ನನ್ನ ಬೆರಳು ನಿಂತಿತು. ಡ್ರಮ್ಮುಗಳನ್ನು ‘ಇಂಟರ್ ಅಲಿಯಾ’ ಪರವಾನಗಿ ಇರುವ ಘಟಕಕ್ಕೆ ಕಳಿಸತಕ್ಕದ್ದು. ಎಂದರೆ ಅಲ್ಲಿಗೂ ಕಳಿಸಬಹುದು, ಬೇರೆಡೆಗೂ ಕಳಿಸಬಹುದು. ಇದನ್ನು ತೆಗೆಯಿರಿ ಎಂದೆ. ಅದು ರೂಢಿಯ ಮಾತು, ಅದರಲ್ಲೇನಿದೆ ಎಂದು ಅವರು ನಕ್ಕರು. ಏನೂ ಇಲ್ಲದಿದ್ದರೆ ತೆಗೆದರೆ ನಷ್ಟವಿಲ್ಲವಲ್ಲ ಎಂದರು ನಮ್ಮ ಸೀನಿಯರ್. ಪದಕ್ಕೆ ಗೀಟು ಬಿತ್ತು, ಎರಡೂ ಕಡೆಯವರು ಪಕ್ಕದಲ್ಲಿ ಸಹಿ ಹಾಕಿದರು.

ಒಂದು ಬೆಳಿಗ್ಗೆ ಲಾರಿ ಬಂದು ಡ್ರಮ್ಮು ತುಂಬಿಕೊಂಡಿತು. ಶೆಡ್ಡಿನ ಒಡತಿ ಜಗಲಿಯಲ್ಲಿ ಕೂತು ಎಣಿಸಿದರು, ನಲವತ್ತೆರಡು. ಮೂರು ವಾರದ ಮೇಲೆ ಕೋರ್ಟಿಗೆ ಬಂದ ರಶೀದಿಯಲ್ಲಿ ಮೂವತ್ತೊಂದು ಎಂದಿತ್ತು. ಲಾರಿಯವನು ಚನ್ನರಾಯಪಟ್ಟಣದ ಕಡೆ ಒಂದು ಶೆಡ್ಡಿನ ಹತ್ತಿರ ನಿಲ್ಲಿಸಿ ಹೋಗಬೇಕು ಎಂದು ಟೀ ಕುಡಿಯುವಾಗ ಹೇಳಿದ್ದನ್ನು ಅವರು ಆಗ ನೆನಪಿಸಿಕೊಂಡರು. ಯಾವ ಊರು ಎಂದು ಅವನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಒಪ್ಪಂದದಲ್ಲಿ ಈಗ ಕಂಪನಿಗೆ ಅಡಗಿಕೊಳ್ಳಲು ಪದ ಉಳಿದಿರಲಿಲ್ಲ. ಹನ್ನೊಂದು ಡ್ರಮ್ಮಿನ ಲೆಕ್ಕ ಕೇಳಿ ಅಂದೇ ಅರ್ಜಿ ಬರೆದೆ, ಮಂಡಳಿಗೂ ಒಂದು ಪ್ರತಿ ಕಳಿಸಿದೆ. ನ್ಯಾಯಾಧೀಶರು ಕಂಪನಿಗೆ ಉತ್ತರ ಕೊಡಲು ಎರಡು ವಾರ ಕೊಟ್ಟರು.

ಕೋರ್ಟಿನ ಮೆಟ್ಟಿಲಿಳಿಯುವಾಗ, ಮೊದಲ ದಿನ ನಾನು ಆ ಪದ ಬಿಟ್ಟು ಓದಿದ್ದನ್ನು ಶೆಡ್ಡಿನ ಒಡತಿಗೆ ಹೇಳಿದೆ. ಅವರು ತಿರುಗಿ ನೋಡಲಿಲ್ಲ.

“ಗೊತ್ತು ಬುಡಿ,” ಎಂದರು. “ಆ ಡ್ರಮ್ಮು ಇಳ್ದಿರೋ ತಾವ ಯಾರ್ ಬಾವಿ ಐತೋ, ಮೊದ್ಲು ಅದ ಹುಡುಕಿ.”